ಶಂಕುವಿನ ಎತ್ತರ ಬೇರೆ, ಓರೆ ಎತ್ತರ ಬೇರೆ

"ಸಂಪಾದಕರೇ, ಕಾಗದದ ಶಂಕು ಮಾಡುವ ವಿಧಾನದ ಬಗ್ಗೆ ನನ್ನ ಮೊದಲ ಲೇಖನ ಕಳಿಸಿದ್ದೇನೆ. ಬುಡ 10 ಸೆಂ.ಮೀ. ಅಗಲ, ಎತ್ತರ 30 ಸೆಂ.ಮೀ. ಇರುವ ಟೋಪಿ ಬೇಕಿದ್ದರೆ 30 ಸೆಂ.ಮೀ. ತ್ರಿಜ್ಯದ ವೃತ್ತ ಬರೆದು ಅದರಲ್ಲಿ 60 ಡಿಗ್ರಿಯ ತುಂಡು ಕತ್ತರಿಸಬೇಕು. ನಾನೇ ಮಾಡಿ ನೋಡಿದ್ದೇನೆ, ಸರಿಯಾಗಿ ಬಂದಿದೆ. ಪ್ರಕಟಿಸಬಹುದೇ? ತಪ್ಪಿದ್ದರೆ ನೇರವಾಗಿ ಹೇಳಿ."

ನಮಸ್ಕಾರ. ನೇರವಾಗಿ ಹೇಳಿ ಅಂದಿದ್ದೀರಿ, ಹಾಗೇ ಹೇಳುತ್ತೇನೆ. ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ತೊಂದರೆ ಇರುವುದು ವೃತ್ತದ ತ್ರಿಜ್ಯದಲ್ಲಿ. ಅಲ್ಲಿ ನೀವು ಶಂಕುವಿನ ಎತ್ತರವನ್ನೇ ಇಟ್ಟಿದ್ದೀರಿ. ಇಡಬೇಕಾದದ್ದು ಓರೆ ಎತ್ತರ.

ನಿಮ್ಮ ಟೋಪಿ ಸರಿಯಾಗಿ ಬಂದಂತೆ ಕಂಡದ್ದು ನಿಜ. ಅದಕ್ಕೆ ಕಾರಣ ಅದು ಸಣ್ಣಗೆ ಉದ್ದಕ್ಕೆ ಇರುವುದು. ಸ್ಕೇಲ್ ಇಟ್ಟು ಅಳೆದರೆ ಎತ್ತರ 30 ಇರುವುದಿಲ್ಲ, ಸುಮಾರು 29.6 ಇರುತ್ತದೆ. ನಾಲ್ಕು ಮಿಲಿಮೀಟರ್ ಕಮ್ಮಿ. ಟೋಪಿಯಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಓದುಗರು ನಿಮ್ಮ ಅಳತೆಯ ಟೋಪಿಯನ್ನೇ ಮಾಡಬೇಕು ಅಂತೇನಿಲ್ಲವಲ್ಲ. ಅವರಿಗೆ ಬೇಕಾದ ಅಳತೆಗೆ ನಿಮ್ಮ ವಿಧಾನವನ್ನು ಹಚ್ಚುತ್ತಾರೆ. ಆಗ ಏನಾಗುತ್ತದೆ ನೋಡಿ.

ಬುಡದ ಅಗಲ 18 ಸೆಂ.ಮೀ., ಎತ್ತರ 12 ಸೆಂ.ಮೀ. ಇರುವ ಶಂಕು ಬೇಕು ಅಂದುಕೊಳ್ಳಿ. ಅಂದರೆ ಬುಡದ ತ್ರಿಜ್ಯ 9. ನಿಮ್ಮ ಲೆಕ್ಕದಲ್ಲಿ 12 ಸೆಂ.ಮೀ. ತ್ರಿಜ್ಯದ ವೃತ್ತ, 270 ಡಿಗ್ರಿಯ ತುಂಡು. ಕತ್ತರಿಸಿ ಸುತ್ತಿದರೆ ಬುಡ ಕರಾರುವಾಕ್ಕಾಗಿ 18 ಬರುತ್ತದೆ. ಎತ್ತರ ಮಾತ್ರ 8 ಸೆಂ.ಮೀ. ಕೂಡ ತುಂಬುವುದಿಲ್ಲ. ಮೂರನೇ ಒಂದು ಭಾಗ ಮಾಯ! ಇನ್ನೂ ಚಪ್ಪಟೆ ಶಂಕು ತಗೊಳ್ಳಿ: ಬುಡದ ತ್ರಿಜ್ಯ 12, ಎತ್ತರ 5. ನಿಮ್ಮ ವಿಧಾನ 864 ಡಿಗ್ರಿ ಕತ್ತರಿಸಿ ಅನ್ನುತ್ತದೆ. ಒಂದು ವೃತ್ತದಲ್ಲಿ ಇರುವುದೇ 360.

ಇದು ಯಾಕೆ ಹೀಗೆ ಅನ್ನುವುದನ್ನು ಲೇಖನದಲ್ಲಿ ಬಿಡಿಸಿ ಹೇಳಲೇಬೇಕು. ಮಾಡಿಟ್ಟ ಶಂಕುವನ್ನು ತುದಿಯಿಂದ ಬುಡದವರೆಗೆ ನೇರವಾಗಿ ಸೀಳಿ ಮೇಜಿನ ಮೇಲೆ ಹರಡಿ. ಬುಡದ ಅಂಚಿನ ಪ್ರತಿ ಬಿಂದುವೂ ತುದಿಯಿಂದ ಒಂದೇ ದೂರದಲ್ಲಿರುತ್ತದೆ. ಆ ದೂರ ಕಾಗದದ ಮೇಲೆಯೇ ಅಳೆದದ್ದು, ಅಂದರೆ ಇಳಿಜಾರಿನ ಉದ್ದ. ಅದೇ ಓರೆ ಎತ್ತರ, ಅದೇ ನಿಮ್ಮ ವೃತ್ತದ ತ್ರಿಜ್ಯ. ನೆಟ್ಟಗಿನ ಎತ್ತರ ಇರುವುದು ಶಂಕುವಿನ ಒಳಗಿನ ಖಾಲಿ ಜಾಗದಲ್ಲಿ. ಆ ಗೆರೆಯ ಮೇಲೆ ಕಾಗದವೇ ಇಲ್ಲ. ಇಲ್ಲದ ಕಾಗದವನ್ನು ಅಳೆದು ಕತ್ತರಿಸುವುದು ಹೇಗೆ?

ನೆಟ್ಟಗಿನ ಎತ್ತರ, ಬುಡದ ತ್ರಿಜ್ಯ, ಓರೆ ಎತ್ತರ ಮೂರೂ ಸೇರಿ ಲಂಬಕೋನ ತ್ರಿಭುಜ ಆಗುತ್ತದೆ. ಹಾಗಾಗಿ ಪೈಥಾಗೊರಸ್ ಪ್ರಮೇಯ ಸಾಕು. 9ರ ವರ್ಗ 81, 12ರ ವರ್ಗ 144, ಕೂಡಿದರೆ 225, ಅದರ ವರ್ಗಮೂಲ 15. ವೃತ್ತದ ತ್ರಿಜ್ಯ 15 ಸೆಂ.ಮೀ. ಅಂತಾಯಿತು.

ಇನ್ನು ಕೋನ. ಇಲ್ಲಿ ನೀವು ಸೂತ್ರವನ್ನು ಸುಮ್ನೆ ಎತ್ತಿ ಇಟ್ಟುಬಿಟ್ಟಿದ್ದೀರಿ, ಅದು ಬಂದದ್ದೆಲ್ಲಿಂದ ಅಂತ ಹೇಳಿಲ್ಲ. ಕತ್ತರಿಸಿದ ತುಂಡಿನ ಕಂಸವೇ ಸುತ್ತಿದ ಮೇಲೆ ಬುಡದ ಸುತ್ತಳತೆ ಆಗುತ್ತದೆ. ಬುಡಕ್ಕೆ ಬೇಕಾದದ್ದು 9 ತ್ರಿಜ್ಯದ ವೃತ್ತದ ಸುತ್ತಳತೆ. ಕೈಯಲ್ಲಿರುವುದು 15 ತ್ರಿಜ್ಯದ ವೃತ್ತದ ಸುತ್ತಳತೆ. ಎರಡರಲ್ಲೂ 2π ಇರುವುದರಿಂದ ಅದು ಹೊಡೆದು ಹೋಗುತ್ತದೆ, ಉಳಿಯುವುದು 15ರಲ್ಲಿ 9 ಪಾಲು ಅಷ್ಟೇ. ಪೂರ್ತಿ ಸುತ್ತಿನ 360 ಡಿಗ್ರಿಯಲ್ಲಿ ಅಷ್ಟು ಪಾಲು ತೆಗೆದುಕೊಂಡರೆ 216 ಡಿಗ್ರಿ. ಇಷ್ಟು ಹೇಳಿದ ಮೇಲೆ ಸೂತ್ರ ಕೊಡಿ, ಓದುಗರಿಗೆ ಅದು ತಮ್ಮದೇ ಅನಿಸುತ್ತದೆ:

```
l = √(r² + h²)
θ = 360 × r ÷ l
```

ಇಲ್ಲಿ r ಬುಡದ ತ್ರಿಜ್ಯ, h ಎತ್ತರ, l ಓರೆ ಎತ್ತರ, θ ಕತ್ತರಿಸುವ ತುಂಡಿನ ಕೋನ. ನಿಮ್ಮ ಟೋಪಿಗೂ ಇದನ್ನೇ ಹಚ್ಚಿದರೆ ತ್ರಿಜ್ಯ 30.4, ಕೋನ 59.2 ಡಿಗ್ರಿ ಬರುತ್ತದೆ. ನಿಮ್ಮ 30 ಮತ್ತು 60ಕ್ಕೆ ಎಷ್ಟು ಹತ್ತಿರ ಇದೆ ನೋಡಿ. ತಪ್ಪು ನಿಮಗೆ ಕಾಣದೇ ಹೋದದ್ದು ಇದರಿಂದಲೇ. ವಿಧಾನ ಪರೀಕ್ಷಿಸುವಾಗ ಅಗಲವಾದ, ಗಿಡ್ಡನೆಯ ಶಂಕು ಮಾಡಿ ನೋಡಿ. ತಪ್ಪಿದ್ದರೆ ಅಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ.

ಕೋನಮಾಪಕದಿಂದ ಗುರುತು ಹಾಕಿ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಜ್ಯಾಮಿಟ್ರಿ ಬಾಕ್ಸ್‌ನ ಪುಟ್ಟ ಕೋನಮಾಪಕದಲ್ಲಿ ಒಂದು ಡಿಗ್ರಿ ಆಚೀಚೆ ಆಗುವುದು ಸುಲಭ. ಆ ಗೆರೆಯನ್ನು 15 ಸೆಂ.ಮೀ. ತನಕ ಎಳೆದಾಗ ಅಂಚಿನಲ್ಲಿ ಎರಡೂವರೆ ಮಿಲಿಮೀಟರ್‌ಗಿಂತ ಜಾಸ್ತಿ ತಪ್ಪಾಗಿರುತ್ತದೆ. ಸ್ಕೇಲ್‌ನಿಂದಲೇ ಗುರುತು ಹಾಕುವುದು ಇದಕ್ಕಿಂತ ವಾಸಿ. 216 ಬಿಟ್ಟರೆ ಉಳಿಯುವ ಬಾಯಿ 144 ಡಿಗ್ರಿ. ಆ ಬಾಯಿಯ ಎರಡು ತುದಿಗಳ ನಡುವಿನ ನೇರ ದೂರ 2 × 15 × sin 72°, ಅಂದರೆ 28.5 ಸೆಂ.ಮೀ. ಕಂಸದ ಮೇಲೆ ಒಂದು ಚುಕ್ಕೆ ಇಟ್ಟು, ಅಲ್ಲಿಂದ 28.5 ಅಳೆದು ಕಂಸದ ಮೇಲೆಯೇ ಇನ್ನೊಂದು ಚುಕ್ಕೆ ಇಡಿ. ಎರಡನ್ನೂ ಕೇಂದ್ರಕ್ಕೆ ಸೇರಿಸಿದರೆ ಆಯಿತು. ಚಿಕ್ಕ ಭಾಗ ತೆಗೆದುಹಾಕಿ, ದೊಡ್ಡದು ಇಟ್ಟುಕೊಳ್ಳಿ.

ಹಾಳೆಯ ಅಳತೆಯನ್ನೂ ಬರೆಯಿರಿ. ಈ ತುಂಡಿನ ಅಗಲ 30 ಸೆಂ.ಮೀ. ಎ4 ಹಾಳೆಯ ಉದ್ದ 29.7. ಮೂರೇ ಮಿಲಿಮೀಟರ್‌ನಲ್ಲಿ ತಪ್ಪಿಹೋಗುತ್ತದೆ! ಅರ್ಧ ಬರೆದ ಮೇಲೆ ಇದು ಗೊತ್ತಾದರೆ ಓದುಗರಿಗೆ ಬೇಜಾರಾಗುತ್ತದೆ ಅಲ್ವಾ? ಎ3 ತಗೊಳ್ಳಿ ಅಂತ ಮೊದಲೇ ಹೇಳಿಬಿಡಿ.

ಅಂಟಿನ ಪಟ್ಟಿಯ ಬಗ್ಗೆ ನೀವು ಏನೂ ಬರೆದಿಲ್ಲ. 216 ಡಿಗ್ರಿಗೆ ಸರಿಯಾಗಿ ಕತ್ತರಿಸಿದವರು ಒಂದಂಚಿನ ಮೇಲೆ ಇನ್ನೊಂದನ್ನು ಹತ್ತಿಸಿಯೇ ಅಂಟಿಸುತ್ತಾರೆ. ಬುಡದಲ್ಲಿ ಒಂದೂವರೆ ಸೆಂ.ಮೀ. ಹತ್ತಿದರೆ ಅಷ್ಟು ಸುತ್ತಳತೆ ಕಮ್ಮಿಯಾಗಿ ಶಂಕು ಸ್ವಲ್ಪ ಎತ್ತರವಾಗುತ್ತದೆ. ನಮ್ಮ 12 ಸೆಂ.ಮೀ. ಶಂಕು 12.2 ಆಗುತ್ತದೆ, ಪರವಾಗಿಲ್ಲ. ಆದರೆ ಆ 5 ಸೆಂ.ಮೀ. ಚಪ್ಪಟೆ ಶಂಕು 5.5 ಆಗಿಬಿಡುತ್ತದೆ. ಹಾಗಾಗಿ ಪಟ್ಟಿ ಯಾವಾಗಲೂ ಕೋನದ ಲೆಕ್ಕದ ಹೊರಗಿರಬೇಕು. ಒಂದು ನೇರ ಅಂಚಿನ ಆಚೆ ಹೆಚ್ಚುವರಿಯಾಗಿ ಬಿಡಿ, ತುದಿಯ ಹತ್ತಿರ ಬರುತ್ತಾ ಕಿರಿದು ಮಾಡಿ. ತುದಿಯಲ್ಲೂ ಅಷ್ಟೇ ಅಗಲ ಬಿಟ್ಟರೆ ಅಲ್ಲಿ ಕಾಗದ ಮುದುಡಿ ಗಂಟಾಗುತ್ತದೆ.

ಕೊನೆಯಲ್ಲಿ ನೀವು "ಬುಡ ಅಂಕುಡೊಂಕಾದರೆ ಕತ್ತರಿಯಿಂದ ಸವರಿ" ಅಂದಿದ್ದೀರಿ. ಆ ಸಾಲು ತೆಗೆದುಬಿಡಿ. ಅಂಚಿನ ಎಲ್ಲ ಬಿಂದುಗಳೂ ತುದಿಯಿಂದ 15 ಸೆಂ.ಮೀ. ದೂರದಲ್ಲಿದ್ದರೆ ಶಂಕು ಮೇಜಿನ ಮೇಲೆ ತಾನಾಗಿಯೇ ಸಮನಾಗಿ ಕೂರುತ್ತದೆ. ಅಲ್ಲಾಡುತ್ತಿದ್ದರೆ ಕೈವಾರದ ಮುಳ್ಳು ಜಾರಿರಬಹುದು. ಇಲ್ಲವೇ ಅಂಟಿಸುವಾಗ ಎರಡು ಅಂಚುಗಳ ಕೆಳತುದಿ ಕೂಡಿರುವುದಿಲ್ಲ. ಸವರಿದರೆ ಕಾರಣ ಮುಚ್ಚಿಹೋಗುತ್ತದೆ, ಎತ್ತರವೂ ಕಮ್ಮಿಯಾಗುತ್ತದೆ.

ಶಂಕುವಿನ ಉಪಯೋಗಗಳ ಬಗ್ಗೆ ಇರುವ ಮೊದಲ ಎರಡು ಪ್ಯಾರಾ ಬೇಡ. ಆ ಜಾಗದಲ್ಲಿ ಎರಡು ಚಿತ್ರ ಹಾಕಿ. ಒಂದರಲ್ಲಿ 9, 12, 15 ಬರೆದ ಲಂಬಕೋನ ತ್ರಿಭುಜ ಶಂಕುವಿನ ಒಳಗೆ ಕಾಣಲಿ. ಇನ್ನೊಂದರಲ್ಲಿ ಹರಡಿದ ತುಂಡು, ಅದರ 216 ಡಿಗ್ರಿ, ಹೊರಗಿನ ಅಂಟಿನ ಪಟ್ಟಿ ಇರಲಿ. ಕಳಿಸುವ ಮೊದಲು ಆ ಶಂಕುವನ್ನು ಮಾಡಿ, ಮೇಜಿನ ಮೇಲೆ ಪಕ್ಕದಲ್ಲಿ ಸ್ಕೇಲ್ ನೆಟ್ಟಗೆ ನಿಲ್ಲಿಸಿ ಎತ್ತರ ಅಳೆಯಿರಿ. 12 ಬಂದರೆ ಕಳಿಸಿ, ಪ್ರಕಟಿಸುತ್ತೇವೆ.