ಮೂಲ ತಿಳಿಯದ ಪಟ್ಟಿಯಿಂದ ಫೋನ್ ನಂಬರ್ ಬೇರ್ಪಡಿಸುವ ಕೆಲಸ

ಪ್ರಶ್ನೆ: ನನ್ನ ಬಳಿ ಯಾರೋ ಕೊಟ್ಟ ಒಂದು ದೊಡ್ಡ ಪಟ್ಟಿ ಇದೆ. ಅದರಿಂದ ಇಮೇಲ್ ಮತ್ತು ಮೊಬೈಲ್ ನಂಬರ್ ಮಾತ್ರ ತೆಗೆದುಕೊಡಿ ಎಂದರೆ ಡೇಟಾ ಕೆಲಸದವರು ಒಪ್ಪುತ್ತಿಲ್ಲ. ಐದು ನಿಮಿಷದ ಕೆಲಸವಲ್ಲವೇ?

ಐದು ನಿಮಿಷವೂ ಬೇಡ. ಭಾರತದ ಮೊಬೈಲ್ ನಂಬರಿಗೆ ಹತ್ತು ಅಂಕಿಗಳಿರುತ್ತವೆ, ಮೊದಲನೆಯದು 6ರಿಂದ 9ರೊಳಗಿರುತ್ತದೆ. ಅದನ್ನು ಹುಡುಕಲು ಒಂದು ಸಾಲಿನ ಸೂತ್ರ ಸಾಕು. ಆದರೂ ಇಂಥ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ.

ಹಿಂದೊಮ್ಮೆ ತರಬೇತಿ ಕೇಂದ್ರವೊಂದನ್ನು ನಡೆಸುವವರು ನನಗೆ ಹೀಗೇ ಒಂದು ಫೈಲ್ ಕಳುಹಿಸಿದ್ದರು. ನಾನು ಮೊದಲು ಅಂಕಣಗಳ ಹೆಸರುಗಳನ್ನಷ್ಟೇ ಓದಿದೆ. ಹೆಸರು, ಊರು, ಫೋನ್‌ಗಳ ಜೊತೆಗೆ `last_login` ಮತ್ತು `password` ಎಂಬ ಅಂಕಣಗಳಿದ್ದವು. ಎರಡನೆಯದರಲ್ಲಿ ಪ್ರತಿ ಸಾಲೂ `$2y$10$` ಎಂದು ಆರಂಭವಾಗುತ್ತಿತ್ತು. ಜಾಲತಾಣಗಳು ಪಾಸ್‌ವರ್ಡನ್ನು ಗುಟ್ಟಾಗಿ ಪರಿವರ್ತಿಸಿ ಇಡುವ ಒಂದು ವಿಧಾನದ ಗುರುತು ಅದು. ಯಾವ ಗ್ರಾಹಕರೂ ಅರ್ಜಿಯಲ್ಲಿ ಅದನ್ನು ಬರೆದುಕೊಡುವುದಿಲ್ಲ, ಯಾವ ಸಂಸ್ಥೆಯೂ ಅದನ್ನು ಪಾಲುದಾರರಿಗೆ ಹಂಚುವುದಿಲ್ಲ. ಆದ್ದರಿಂದ ಆ ಪಟ್ಟಿ ಯಾವುದೋ ಜಾಲತಾಣದ ದತ್ತಸಂಚಯದಿಂದ ಸೋರಿಹೋದದ್ದೆಂಬುದು ನನಗೆ ಬಹುತೇಕ ಖಚಿತವಾಯಿತು. ಎಲ್ಲ ಪಟ್ಟಿಗಳಲ್ಲೂ ಇಷ್ಟು ಸ್ಪಷ್ಟವಾದ ಗುರುತು ಸಿಗುವುದಿಲ್ಲ. ಆಗ ಯಾರು ಕೊಟ್ಟರು, ಆ ಜನರು ಯಾವ ಉದ್ದೇಶಕ್ಕೆ ನಂಬರ್ ಕೊಟ್ಟಿದ್ದರು ಎಂದು ಕೇಳುತ್ತೇನೆ. ಉತ್ತರ ಬರದಿದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ.

ಫೈಲ್ ಈಗಾಗಲೇ ಹೊರಬಿದ್ದಿದೆಯಲ್ಲ, ಬೇರ್ಪಡಿಸಿದರೆ ಹೊಸದಾಗಿ ಏನು ಕೆಡುತ್ತದೆ ಎಂದು ಅವರು ಕೇಳಿದರು. ಕೆಡುವುದು ಇಲ್ಲಿಯೇ. ಅಡ್ಡಾದಿಡ್ಡಿಯಾಗಿರುವ ಸಾವಿರಾರು ಸಾಲುಗಳನ್ನು ನೇರವಾಗಿ ಸಂದೇಶ ಕಳುಹಿಸುವ ತಂತ್ರಾಂಶಕ್ಕೆ ಹಾಕಲಾಗದು. ಹೆಸರಿನ ಪಕ್ಕದಲ್ಲಿ ಶುದ್ಧವಾದ ನಂಬರ್ ಇಟ್ಟುಕೊಟ್ಟಾಗ ಅದು ಯಾರ ಕೈಯಲ್ಲಾದರೂ ಬಳಕೆಗೆ ಸಿದ್ಧವಾಗುತ್ತದೆ. ಹೆಸರು ಹಿಡಿದು, ಊರು ಹೇಳಿ ಮಾತನಾಡುವ ವಂಚಕನ ಕರೆಯನ್ನು ವಯಸ್ಸಾದವರು ನಂಬಿಬಿಡುವುದು ಇಂಥ ವಿವರಗಳಿಂದಲೇ. ಆ ಹಂತದ ದುಡಿಮೆ ನನ್ನದಾಗುವುದು ನನಗೆ ಬೇಡ.

ಕಾನೂನು ಕೂಡ ಇದರಲ್ಲಿ ಮೌನವಾಗಿಲ್ಲ. ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರ್ ವ್ಯವಸ್ಥೆಯಿಂದ ದತ್ತಾಂಶ ನಕಲಿಸಿಕೊಳ್ಳುವುದನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಕಲಮು ತಪ್ಪೆಂದು ಪರಿಗಣಿಸುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಒಂದು ನಿರ್ದಿಷ್ಟ ಉದ್ದೇಶಕ್ಕೆ ಸೀಮಿತ. ಅಂಗಡಿಗೆ ಕೊಟ್ಟ ಒಪ್ಪಿಗೆ ಆ ಪಟ್ಟಿಯನ್ನು ಕೊಂಡವರಿಗೆ ವರ್ಗವಾಗುವುದಿಲ್ಲ. ವ್ಯಕ್ತಿ ತಾನೇ ಸಾರ್ವಜನಿಕಗೊಳಿಸಿದ ಅಥವಾ ಕಾನೂನಿನ ಪ್ರಕಾರ ಸಾರ್ವಜನಿಕಗೊಳಿಸಲೇಬೇಕಾದ ವಿವರಗಳಿಗೆ ಆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಕದ್ದು ಅಂತರ್ಜಾಲಕ್ಕೆ ಹಾಕಿದ್ದು ಅದರೊಳಗೆ ಬರುವುದಿಲ್ಲ.

ನಾನು ನನ್ನ ಪ್ರತಿಯನ್ನು ಅಳಿಸಿ, ನೀವೂ ಅಳಿಸಿ, ಯಾರಿಗೂ ಮುಂದೆ ಕಳುಹಿಸಬೇಡಿ ಎಂದು ಅವರಿಗೆ ಬರೆದೆ. ಕೆಲವು ವಾರಗಳ ನಂತರ ಅವರು ತಮ್ಮದೇ ಕೇಂದ್ರದ ಪ್ರವೇಶ ಪುಸ್ತಕವನ್ನು ಕಳುಹಿಸಿದರು. ಹೊಸ ತರಗತಿಗಳ ಬಗ್ಗೆ ಸಂದೇಶ ಕಳುಹಿಸಬಹುದೇ ಎಂಬ ಪ್ರಶ್ನೆ ಅರ್ಜಿಯಲ್ಲೇ ಇತ್ತು. ಹೌದು ಎಂದವರ ನಂಬರುಗಳನ್ನು ಮಾತ್ರ ಅಂದು ಸಂಜೆಯೇ ಬೇರ್ಪಡಿಸಿ ಕೊಟ್ಟೆ.