ಮೊದಲ ವಾಯ್ಸ್ ನೋಟ್‌ಗೆ 20 ಸೆಕೆಂಡ್ ಸಾಕು

ಪ್ರಶ್ನೆ: ಅಕ್ಕಾ, ನನಗೆ 27 ವರ್ಷ. ಚಿಕ್ಕಮಗಳೂರಿನ ಹತ್ತಿರ ಮನೆಯ ಕಾಫಿ ತೋಟ ನೋಡಿಕೊಳ್ಳುತ್ತೇನೆ. ಬೇಲೂರಿನ ಒಂದು ಮದುವೆಯಲ್ಲಿ ಹಾಸನದ ಹುಡುಗಿಯ ಪರಿಚಯವಾಯಿತು. ಲ್ಯಾಬ್‌ನಲ್ಲಿ ಕೆಲಸ ಮಾಡುತ್ತಾಳೆ. ದಿನಾ ವಾಟ್ಸಾಪ್‌ನಲ್ಲಿ ಮಾತು, ಒಬ್ಬರನ್ನೊಬ್ಬರು ರೇಗಿಸುವುದು ನಡೆದಿದೆ. ಆದರೆ ಟೈಪ್ ಮಾಡಿದ್ದೆಲ್ಲ ಒಣಒಣ ಅನ್ನಿಸುತ್ತದೆ. ವಾಯ್ಸ್ ನೋಟ್ ಮಾಡಲು ಹೋದರೆ ಎರಡು ನಿಮಿಷ ಆಗಿಬಿಡುತ್ತದೆ, ನಾಚಿಕೆಯಾಗಿ ಅಳಿಸುತ್ತೇನೆ. ಕಳಿಸಲಾ, ಬೇಡವಾ?

ಉತ್ತರ: ಕಳಿಸಿ. ಆದರೆ 20 ಸೆಕೆಂಡಿನದ್ದು ಕಳಿಸಿ, ಮತ್ತೆ ದಿನದ ಹರಟೆಯನ್ನು ಟೈಪಿಂಗ್‌ನಲ್ಲೇ ಮುಂದುವರಿಸಿ.

ಮೆಸೇಜನ್ನು ಅವರು ಲ್ಯಾಬ್‌ನಲ್ಲಿ ಕೆಲಸದ ಮಧ್ಯೆ ಒಮ್ಮೆ ಕಣ್ಣಾಡಿಸಿ ನಕ್ಕು ಬಿಡಬಹುದು. ವಾಯ್ಸ್ ನೋಟ್ ಹಾಗಲ್ಲ. ಕೇಳಲು ಜಾಗ ಬೇಕು, ಪಕ್ಕದಲ್ಲಿ ಯಾರೂ ಇರಬಾರದು, ಇಲ್ಲದಿದ್ದರೆ ಇಯರ್‌ಫೋನ್ ಹುಡುಕಬೇಕು ಅಥವಾ ಫೋನನ್ನು ಕಿವಿಗೆ ಹಿಡಿಯಬೇಕು. ಅಷ್ಟು ಮಾಡಿ ಕೇಳಿದಾಗ ಒಳಗೆ ಬರೀ 'ಊಟ ಆಯ್ತಾ' ಇದ್ದರೆ ಬೇಜಾರಾಗುತ್ತದೆ. ಹಾಗಾಗಿ ದನಿಯಲ್ಲಿ ಹೇಳಿದರೆ ಮಾತ್ರ ಚೆಂದ ಅನ್ನಿಸುವ ವಿಷಯಕ್ಕೆ ಅದನ್ನು ಇಟ್ಟುಕೊಳ್ಳಿ. ನೀವು ನಗುತ್ತಾ ಹೇಳುವ 'ಹೌದಾ, ಸರಿ ಬಿಡಿ' ಟೈಪಿಂಗ್‌ನಲ್ಲಿ ಕೋಪದ ಹಾಗೆ ಕಾಣುತ್ತದೆ ಅಲ್ವಾ? ಅಂಥ ಕಡೆ ದನಿ ಗೆಲ್ಲುತ್ತದೆ.

ವಿಷಯ ನಿಮ್ಮ ತೋಟದಲ್ಲೇ ಇದೆ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ಅವರು ಯಾವತ್ತೋ 'ನಾನು ಕಾಫಿ ಹೂವನ್ನೇ ನೋಡಿಲ್ಲ' ಅಂದಿದ್ದರು ಅಂತಿಟ್ಟುಕೊಳ್ಳಿ. ಆಗ ನೀವು ಅವರ ಹೆಸರು ಹೇಳಿ ಹೀಗೆ ಶುರು ಮಾಡಬಹುದು: 'ಬೆಳಗ್ಗೆ ಬಾಗಿಲು ತೆಗೆದೆ, ತೋಟ ಪೂರ್ತಿ ಬೆಳ್ಳಗಾಗ್ಬಿಟ್ಟಿದೆ. ವಾಸನೆ ಒಳಗಡೆವರೆಗೂ ಬರ್ತಿದೆ. ಕಾಫಿ ಹೂ ನೋಡೇ ಇಲ್ಲ ಅಂದಿದ್ರಲ್ಲ, ಮೊದ್ಲು ನಿಮ್ಮ ನೆನಪೇ ಬಂತು. ಫೋಟೋ ಕಳಿಸ್ಲಾ?'

ಅಷ್ಟೇ. ನಿಧಾನವಾಗಿ ಹೇಳಿದರೂ 20 ಸೆಕೆಂಡ್ ದಾಟುವುದಿಲ್ಲ. ಇಲ್ಲಿ ನಡೆದದ್ದು ಒಂದೇ ಸಂಗತಿ, ಅದಕ್ಕೆ ಅವರು ಹೇಳಿದ ಮಾತಿನ ನೆನಪು ಸೇರಿದೆ, ಕೊನೆಗೆ 'ಹೂಂ, ಕಳಿಸಿ' ಅಂತ ಟೈಪ್ ಮಾಡಿ ಉತ್ತರಿಸಬಹುದಾದ ಪ್ರಶ್ನೆ ಇದೆ. ಆ ಪ್ರಶ್ನೆ ತುಂಬಾ ಮುಖ್ಯ. 'ನೀವೂ ವಾಯ್ಸ್ ಕಳಿಸಿ' ಅಂದರೆ ಮನೆಯಲ್ಲಿ ಅಮ್ಮನ ಪಕ್ಕ ಕೂತ ಹುಡುಗಿಗೆ ಕಷ್ಟವಾಗುತ್ತದೆ. 'ನೆನಪೇ ಬಂತು' ಅನ್ನುವುದಕ್ಕೆ ಮೊದಲು ಅರೆಗಳಿಗೆ ನಿಲ್ಲಿಸಿ. ರೇಗಿಸಾಟದಿಂದ ಒಂದು ಹೆಜ್ಜೆ ಮುಂದೆ ಹೋಗಿದ್ದೀರಿ ಅಂತ ಅವರಿಗೆ ಗೊತ್ತಾಗುವುದು ಅಲ್ಲೇ.

ಪೂರ್ತಿ ಬರೆದುಕೊಂಡು ಓದಬೇಡಿ, ಓದುವ ದನಿ ತಕ್ಷಣ ಗೊತ್ತಾಗುತ್ತದೆ. ಚೀಟಿಯಲ್ಲಿ 'ಹೂ, ಅವರು ಅಂದಿದ್ದು, ಫೋಟೋ' ಅಂತ ಮಾತ್ರ ಬರೆದಿಟ್ಟುಕೊಳ್ಳಿ. ನಿಮ್ಮದು ಎರಡು ನಿಮಿಷ ಆಗುತ್ತಿರುವುದು ಬಹುಶಃ 'ಹಾಯ್, ಅದು, ಏನಂದ್ರೆ, ಸುಮ್ನೆ ಮಾಡ್ದೆ' ಅಂತ ಶುರುವಾಗಿ, ಕೊನೆಗೆ ಹೇಗೆ ಮುಗಿಸುವುದು ಅಂತ ತೋಚದೆ ಸುತ್ತುವುದರಿಂದ. ಮೊದಲ ಮತ್ತು ಕೊನೆಯ ವಾಕ್ಯ ಗೊತ್ತಿದ್ದರೆ ಮಧ್ಯದ್ದು ತಾನಾಗಿ ಬರುತ್ತದೆ.

ಗಾಳಿ ಬೀಸುವ ತೋಟದ ಮಧ್ಯೆ ಅಥವಾ ಮಳೆ ಬೀಳುವ ಶೀಟಿನ ಕೆಳಗೆ ರೆಕಾರ್ಡ್ ಮಾಡಬೇಡಿ. ಹಾಸಿಗೆ, ಬಟ್ಟೆ ಇರುವ ಕೋಣೆ ಒಳ್ಳೆಯದು, ಗೋಡೆಗೆ ಬಡಿದು ದನಿ ವಾಪಸ್ ಬರುವುದಿಲ್ಲ. ಫ್ಯಾನ್ ಆರಿಸಿ. ಫೋನನ್ನು ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಹಿಡಿಯಿರಿ. ತೀರಾ ಹತ್ತಿರ ಹಿಡಿದರೆ 'ಪ', 'ಬ' ಬಂದಾಗೆಲ್ಲ ಗಾಳಿ ಹೊಡೆದ ಸದ್ದು ಬರುತ್ತದೆ. ಮೈಕ್ ಗುರುತನ್ನು ಒತ್ತಿ ಮೇಲಕ್ಕೆ ಎಳೆದರೆ ರೆಕಾರ್ಡಿಂಗ್ ಲಾಕ್ ಆಗುತ್ತದೆ. ಆಮೇಲೆ ನಿಲ್ಲಿಸಿ, ಕಳಿಸುವ ಮೊದಲು ಒಮ್ಮೆ ಕೇಳಿಸಿಕೊಳ್ಳಿ. ಮಾತು ತೊದಲಿದ್ದರೆ, ನಗು ಬಂದಿದ್ದರೆ ಹಾಗೇ ಬಿಡಿ. ಮಾತು ಅರ್ಥವಾಗದಿದ್ದರೆ ಮಾತ್ರ ಇನ್ನೊಮ್ಮೆ ಮಾಡಿ.

ಕಳಿಸುವ ಮೊದಲು 'ಒಂದು ಪುಟ್ಟ ವಾಯ್ಸ್ ಕಳಿಸ್ತೀನಿ, ಫ್ರೀ ಆದಾಗ ಕೇಳಿ' ಅಂತ ಟೈಪ್ ಮಾಡಿ. ಎಲ್ಲರೆದುರು ಸ್ಪೀಕರ್‌ನಲ್ಲಿ ಹಾಕಿ ಪೇಚಿಗೆ ಸಿಗುವುದು ತಪ್ಪುತ್ತದೆ. ಮತ್ತೆ, ಅದನ್ನು ಯಾರಿಗೆ ಬೇಕಾದರೂ ಫಾರ್ವರ್ಡ್ ಮಾಡಬಹುದು. ಬೇರೆಯವರು ಕೇಳಿದರೂ ಆ ಹುಡುಗಿಗೆ ಮುಜುಗರ ಆಗಬಾರದು, ಅಷ್ಟು ಮಟ್ಟಿಗೆ ಮಾತು ಹದದಲ್ಲಿರಲಿ.

ಅವರು ಕೇಳಿದ ಮೇಲೆ ಮೈಕ್ ಗುರುತು ನೀಲಿಯಾಗುತ್ತದೆ. ನೀಲಿ ಟಿಕ್ ಆಫ್ ಮಾಡಿಟ್ಟವರದ್ದೂ ಇದು ಕಾಣುತ್ತದೆ. ಅದನ್ನು ನೋಡಿ 'ಕೇಳಿದ್ರಲ್ಲ, ಯಾಕೆ ಉತ್ತರ ಇಲ್ಲ' ಅಂತ ದಯವಿಟ್ಟು ಕೇಳಬೇಡಿ. ಟೈಪ್ ಮಾಡಿ ಉತ್ತರಿಸಿದರೆ ಅದೂ ಪೂರ್ತಿ ಉತ್ತರವೇ. 'ಕಳಿಸಿ' ಅಂದರೆ ಫೋಟೋ ಕಳಿಸಿ ಮತ್ತೆ ಹರಟೆಗೆ ಇಳಿಯಿರಿ, ಇನ್ನೊಂದು ವಾಯ್ಸ್‌ಗೆ ಕೆಲವು ದಿನ ಕಾಯಿರಿ. ಬರೀ ಒಂದು ಇಮೋಜಿ ಬಂತು, ಮುಂದಿನದ್ದಕ್ಕೂ ಅಷ್ಟೇ ಬಂತು ಅಂದರೆ ವಾಯ್ಸ್ ಅವರಿಗೆ ಒಗ್ಗುತ್ತಿಲ್ಲ. ಏನೂ ಕೇಳದೆ ಟೈಪಿಂಗ್‌ಗೆ ವಾಪಸ್ ಬನ್ನಿ.