‘ಸಿಲ್ಲಿ ಮಿಸ್ಟೇಕ್’ ಅಂತ ಬರೆದರೆ ಸಾಲದು

*ಪ್ರತಿ ಭಾನುವಾರ ದಾವಣಗೆರೆಗೆ ಬಂದು ನೀಟ್ ಮಾಕ್ ಟೆಸ್ಟ್ ಬರೆಯುತ್ತೇನೆ. ತಪ್ಪಾದ ಪ್ರಶ್ನೆಗಳನ್ನೆಲ್ಲ ಪಾಠವಾರು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಆದರೂ ಫಿಸಿಕ್ಸ್ ಅಂಕ ಏರುತ್ತಿಲ್ಲ. ಹೆಚ್ಚಿನವು ಸಿಲ್ಲಿ ಮಿಸ್ಟೇಕ್‌ಗಳೇ. ಮೂರು ಪುಟ ಕಳಿಸಿದ್ದೇನೆ, ನೋಡಿ ಹೇಳುತ್ತೀರಾ?*
— ಓದುಗರೊಬ್ಬರು, ಹರಿಹರ

ನಿಮ್ಮ ಪುಟಗಳಲ್ಲಿ ಮೂರು ಬೇರೆ ಬೇರೆ ಟೆಸ್ಟಿನ ಮೂರು ಪ್ರಶ್ನೆಗಳು ನಮ್ಮ ಕಣ್ಣಿಗೆ ಬಿದ್ದವು. ಕಾರಿನ ವೇಗ ಎರಡು ಪಟ್ಟಾದರೆ, ಅಷ್ಟೇ ಬ್ರೇಕ್ ಬಲಕ್ಕೆ ಅದು ನಿಲ್ಲುವ ದೂರ ನಾಲ್ಕು ಪಟ್ಟು. ನೀವು ಎರಡು ಅಂದಿದ್ದೀರಿ. ತಂತಿಯನ್ನು ಎಳೆದು ಉದ್ದ ಎರಡು ಪಟ್ಟು ಮಾಡಿದರೆ ಅದು ತೆಳ್ಳಗೂ ಆಗುತ್ತದೆ, ಹಾಗಾಗಿ ರೋಧವೂ ನಾಲ್ಕು ಪಟ್ಟು. ಅಲ್ಲೂ ನೀವು ಎರಡು ಅಂದಿದ್ದೀರಿ. ಎರಡು ವಸ್ತುಗಳ ನಡುವಿನ ದೂರ ಎರಡು ಪಟ್ಟಾದರೆ ಗುರುತ್ವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ನೀವು ಅರ್ಧ ಅಂತ ಗುರುತು ಮಾಡಿದ್ದೀರಿ.

ಪಾಠವಾರು ನೋಡಿದರೆ ಮೂರು ಪಾಠದಲ್ಲಿ ಒಂದೊಂದೇ ತಪ್ಪು. ಯಾವ ಪಾಠವೂ ಹಿಂದೆ ಬಿದ್ದಂತೆ ಕಾಣುವುದಿಲ್ಲ. ಮೂರರ ಪಕ್ಕದಲ್ಲೂ ‘ಸಿಲ್ಲಿ’ ಅಂತ ಬರೆದಿದ್ದೀರಿ. ಆದರೆ ಇದು ಅವಸರದ ತಪ್ಪಲ್ಲ. ವರ್ಗದ ಲೆಕ್ಕ ಬರುವ ಕಡೆಯೆಲ್ಲ ನಿಮ್ಮ ಮನಸ್ಸು ನೇರ ಅನುಪಾತ ಹಿಡಿಯುತ್ತಿದೆ. ಗುರುತ್ವದ ಪಾಠವನ್ನು ಮತ್ತೆ ಎಷ್ಟು ಓದಿದರೂ ಇದು ಸರಿಹೋಗುವುದಿಲ್ಲ. ಬೇರೆ ಬೇರೆ ಪಾಠಗಳಿಂದ ‘ಎಷ್ಟು ಪಟ್ಟು’ ಎಂದು ಕೇಳುವ ಪ್ರಶ್ನೆಗಳನ್ನೇ ಹೆಕ್ಕಿ ಒಟ್ಟಿಗೆ ಮಾಡಿ. ಪ್ರತಿಯೊಂದಕ್ಕೂ ಮೊದಲು ಸೂತ್ರ ಬರೆದು, ಆಮೇಲೆ ಆಯ್ಕೆಗಳನ್ನು ನೋಡಿ.

ಇನ್ನು ಅವಸರದ ತಪ್ಪು ಯಾವುದು ಅಂತ ತಿಳಿಯುವುದು ಹೇಗೆ? ಯಾವ ಪ್ರಶ್ನೆ ತಪ್ಪಾಯಿತು ಅಂತ ಮಾತ್ರ ತಿಳಿದುಕೊಳ್ಳಿ, ಸರಿ ಉತ್ತರ ನೋಡಬೇಡಿ. ಅದೇ ಸಂಜೆ ಗಡಿಯಾರ ಬದಿಗಿಟ್ಟು ಮತ್ತೆ ಬಿಡಿಸಿ. ಸರಿ ಬಂದರೆ ಅದು ಕೈತಪ್ಪು, ಬರದಿದ್ದರೆ ಪಾಠವೇ ಬರುವುದಿಲ್ಲ ಅಂತ ಅರ್ಥ. ಮರುದಿನಕ್ಕೆ ಮುಂದೂಡಬೇಡಿ. ಆಗ ಏನು ಯೋಚಿಸಿದ್ದಿರಿ ಅನ್ನುವುದು ಅಷ್ಟರಲ್ಲಿ ಮರೆತೇ ಹೋಗಿರುತ್ತದೆ. ಹರಿಹರಕ್ಕೆ ವಾಪಸ್ ಹೋಗುವ ಬಸ್ಸಿನಲ್ಲಿ ಕೂರಲು ಸೀಟು ಸಿಕ್ಕರೆ ಅಲ್ಲೇ ಶುರು ಮಾಡಬಹುದು!

ಕೈತಪ್ಪು ಅಂತ ಖಚಿತವಾದ ಮೇಲೂ ಕೈ ಏನು ಮಾಡಿತು ಅನ್ನುವುದನ್ನು ಬರೆಯಿರಿ. ‘ಸೆಂ.ಮೀ.ಯನ್ನು ಮೀಟರ್ ಮಾಡಲಿಲ್ಲ’, ‘ತಪ್ಪಾದ ಹೇಳಿಕೆ ಯಾವುದು ಅಂತ ಕೇಳಿತ್ತು, ಸರಿಯಾದದ್ದನ್ನು ಗುರುತಿಸಿದೆ’, ಹೀಗೆ. ಮುಂದಿನ ಟೆಸ್ಟಿನಲ್ಲಿ ಏನನ್ನು ನೋಡಿಕೊಳ್ಳಬೇಕು ಅಂತ ಇದರಿಂದ ಗೊತ್ತಾಗುತ್ತದೆ. ಸುಮ್ನೆ ‘ಸಿಲ್ಲಿ’ ಅಂದರೆ ಏನೂ ಗೊತ್ತಾಗದು, ಅಲ್ವಾ?

ಊಹೆಯಿಂದ ಸರಿ ಬಂದ ಉತ್ತರಗಳು ನಿಮ್ಮ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಟೆಸ್ಟ್ ಬರೆಯುವಾಗಲೇ ಅನುಮಾನ ಇದ್ದ ಕಡೆ ಪ್ರಶ್ನೆಪತ್ರಿಕೆಯಲ್ಲಿ ಚುಕ್ಕೆ ಇಡಿ. ನೀಟ್‌ನಲ್ಲಿ ಸರಿಗೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಇವತ್ತು ಊಹೆಯಿಂದ 4 ಕೊಟ್ಟ ಪ್ರಶ್ನೆ ನಾಳೆ 1 ಕಿತ್ತುಕೊಳ್ಳಬಹುದು.

ಬಯಾಲಜಿಯಲ್ಲಿ 12 ತಪ್ಪು, ಫಿಸಿಕ್ಸ್‌ನಲ್ಲಿ 9 ಎಂದು ಬಯಾಲಜಿಗೆ ಜಾಸ್ತಿ ಸಮಯ ಕೊಡುವ ಯೋಚನೆ ಬರೆದಿದ್ದೀರಿ. ಬೇಡ. ಬಯಾಲಜಿಯಲ್ಲಿ 90 ಪ್ರಶ್ನೆ, ಫಿಸಿಕ್ಸ್‌ನಲ್ಲಿ 45. ಫಿಸಿಕ್ಸ್‌ನಲ್ಲೇ ಐದಕ್ಕೆ ಒಂದು ತಪ್ಪುತ್ತಿದೆ.

— ಸಂಪಾದಕರು